ಶೇಕಡಾ 37ರ ಡಿವಿಡೆಂಡ್ ಎಲ್ಲಿಂದ ಬಂತು?

2023ರ ಮಾರ್ಚ್ ಕೊನೆಯಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇ. 7ರ ಆಸುಪಾಸಿನಲ್ಲಿ ಬಡ್ಡಿ ಸಿಗುತ್ತಿತ್ತು. ಅದೇ ದಿನಗಳಲ್ಲಿ ಷೇರು ಮಾರುಕಟ್ಟೆಯ ಯಾವುದೇ ಆ್ಯಪ್ ತೆರೆದು, ದೊಡ್ಡ ಕಂಪನಿಗಳನ್ನು ಡಿವಿಡೆಂಡ್ ಯೀಲ್ಡ್ ಪ್ರಕಾರ ಜೋಡಿಸಿ ನೋಡಿದರೆ ವೇದಾಂತದ ಹೆಸರು ಮೇಲೆಯೇ ಕಾಣುತ್ತಿತ್ತು. ಷೇರಿನ ಬೆಲೆ ಸುಮಾರು 274 ರೂಪಾಯಿ. ಆ ಹಣಕಾಸು ವರ್ಷದಲ್ಲಿ ಘೋಷಿಸಿದ ಡಿವಿಡೆಂಡ್ ಷೇರೊಂದಕ್ಕೆ 101 ರೂಪಾಯಿ 50 ಪೈಸೆ. ಭಾಗಿಸಿದರೆ ಶೇ. 37. ಮೂರು ವರ್ಷ ಸುಮ್ಮನೆ ಇಟ್ಟುಕೊಂಡರೆ ಹಾಕಿದ ದುಡ್ಡು ಪೂರ್ತಿ ಕೈಗೆ ಬಂದು, ಷೇರು ಪುಕ್ಕಟೆ ಉಳಿಯುತ್ತದೆ ಎಂದು ಯಾರಿಗಾದರೂ ಅನಿಸುವಂಥ ಅಂಕಿ ಅದು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ದುಡ್ಡು ನಿಜವಾಗಿಯೂ ಷೇರುದಾರರ ಖಾತೆಗೆ ಬಂದಿತ್ತು. ಆದರೆ ಇದು ಹಿಂದಿನ ಹನ್ನೆರಡು ತಿಂಗಳಲ್ಲಿ ಆದದ್ದರ ಲೆಕ್ಕ. ಇವತ್ತು ಷೇರು ಕೊಳ್ಳುವವನಿಗೆ ಬೇಕಾದದ್ದು ಮುಂದಿನ ಹನ್ನೆರಡು ತಿಂಗಳ ಲೆಕ್ಕ. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದಿರಬಹುದು ಎಂದು ಅಂದಾಜು ಮಾಡಲು ಯೀಲ್ಡ್ ಒಂದೇ ಸಾಲದು. ಅದರ ಪಕ್ಕದಲ್ಲಿ ಪೇಔಟ್ ಅನುಪಾತವನ್ನೂ ಇಟ್ಟುಕೊಳ್ಳಬೇಕು.

ಎರಡೂ ಸರಳ ಭಾಗಾಕಾರಗಳೇ. ಎರಡರಲ್ಲೂ ಮೇಲಿರುವುದು ಒಂದೇ ಸಂಖ್ಯೆ, ಷೇರೊಂದಕ್ಕೆ ವರ್ಷದಲ್ಲಿ ಕೊಟ್ಟ ಡಿವಿಡೆಂಡ್. ಅದನ್ನು ಷೇರಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿದರೆ ಯೀಲ್ಡ್. ಕಂಪನಿ ಷೇರೊಂದಕ್ಕೆ ಗಳಿಸಿದ ಲಾಭದಿಂದ, ಅಂದರೆ ಇಪಿಎಸ್‌ನಿಂದ ಭಾಗಿಸಿದರೆ ಪೇಔಟ್. ಹತ್ತು ರೂಪಾಯಿ ಲಾಭದಲ್ಲಿ ನಾಲ್ಕು ರೂಪಾಯಿ ಹಂಚಿದ ಕಂಪನಿಯ ಪೇಔಟ್ ಶೇ. 40. ಷೇರಿನ ಬೆಲೆ ನೂರು ರೂಪಾಯಿ ಇದ್ದರೆ ಯೀಲ್ಡ್ ಶೇ. 4. ನಾಳೆ ಆ ಬೆಲೆ ಐವತ್ತಕ್ಕೆ ಕುಸಿದರೆ ಯೀಲ್ಡ್ ತಾನಾಗಿಯೇ ಶೇ. 8 ಆಗುತ್ತದೆ. ಕಂಪನಿ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಟ್ಟಿಲ್ಲ, ಪೇಔಟ್ ಇದ್ದಲ್ಲೇ ಇದೆ. ಬದಲಾದದ್ದು ಆ ಕಂಪನಿಯ ಬಗ್ಗೆ ಮಾರುಕಟ್ಟೆಯ ಅಭಿಪ್ರಾಯ ಮಾತ್ರ.

ಇಲ್ಲೇ ಇನ್ನೊಂದು ಗೊಂದಲವನ್ನೂ ನಿವಾರಿಸಿಬಿಡಬೇಕು. ನಮ್ಮಲ್ಲಿ ಕಂಪನಿಗಳು ಡಿವಿಡೆಂಡನ್ನು ಷೇರಿನ ಮುಖಬೆಲೆಯ ಶೇಕಡಾವಾರಿನಲ್ಲೂ ಹೇಳುತ್ತವೆ. ವೇದಾಂತದ ಷೇರಿನ ಮುಖಬೆಲೆ ಒಂದು ರೂಪಾಯಿ. ಆದ್ದರಿಂದ 20 ರೂಪಾಯಿ 50 ಪೈಸೆಯ ಒಂದು ಕಂತು 'ಶೇ. 2050 ಡಿವಿಡೆಂಡ್' ಎಂದು ಸುದ್ದಿಯಾಗುತ್ತದೆ. ಹೂಡಿಕೆದಾರನಿಗೆ ಈ ಅಂಕಿಯಿಂದ ಯಾವ ಪ್ರಯೋಜನವೂ ಇಲ್ಲ. ಅವನು ಷೇರನ್ನು ಕೊಂಡದ್ದು ಒಂದು ರೂಪಾಯಿಗಲ್ಲ.

ಯೀಲ್ಡ್ ಮತ್ತು ಪೇಔಟ್ ನಡುವೆ ಒಂದು ನೇರ ನಂಟಿದೆ. ಷೇರಿನ ಬೆಲೆ ಅದರ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬುದನ್ನು ಪಿಇ ಎನ್ನುತ್ತಾರೆ. ಪೇಔಟನ್ನು ಪಿಇಯಿಂದ ಭಾಗಿಸಿದರೆ ಯೀಲ್ಡ್ ಬರುತ್ತದೆ. ಹಾಗಾಗಿ ಯೀಲ್ಡ್ ವಿಪರೀತ ಹೆಚ್ಚಿದ್ದರೆ ಅದಕ್ಕೆ ಕಾರಣ ಎರಡೇ: ಒಂದೋ ಪೇಔಟ್ ವಿಪರೀತವಾಗಿರಬೇಕು, ಇಲ್ಲವೇ ಪಿಇ ತೀರಾ ಕಡಿಮೆ ಇರಬೇಕು. ಪೇಔಟ್ ವಿಪರೀತವಾಗಿದ್ದರೆ, ಇಷ್ಟು ಹಂಚಲು ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಕು. ಪಿಇ ಕಡಿಮೆ ಇದ್ದರೆ, ಈ ಲಾಭ ಉಳಿಯುವುದಿಲ್ಲ ಎಂದು ಮಾರುಕಟ್ಟೆ ಏಕೆ ಭಾವಿಸಿದೆ ಎಂದು ಕೇಳಬೇಕು. ಹೆಚ್ಚಿನ ಯೀಲ್ಡ್ ಕಂಡಾಗ ಮಾಡಬೇಕಾದ ಮೊದಲ ಕೆಲಸ, ಇದು ಯಾವ ಜಾತಿಯದು ಎಂದು ಗುರುತಿಸುವುದು.

ವೇದಾಂತದ್ದು ಮೊದಲನೆಯ ಜಾತಿ. ಸತು, ಅಲ್ಯೂಮಿನಿಯಂ, ಕಚ್ಚಾತೈಲ, ಕಬ್ಬಿಣದ ಅದಿರು ಎಲ್ಲವೂ ಆಗ ಇದ್ದ ದೊಡ್ಡ ಗಣಿ ಕಂಪನಿ ಅದು. ನಮ್ಮ ಚಿತ್ರದುರ್ಗದಲ್ಲೂ ಅದಿರು ತೆಗೆಯುತ್ತಿತ್ತು. 2022-23ರಲ್ಲಿ ಅದು ಐದು ಬಾರಿ ಮಧ್ಯಂತರ ಡಿವಿಡೆಂಡ್ ಘೋಷಿಸಿತು: ಮೊದಲು 31.50 ರೂಪಾಯಿ, ಆಮೇಲೆ 19.50, 17.50, 12.50, ಕೊನೆಗೆ 20.50. ಒಟ್ಟು ಮೊತ್ತ ಸುಮಾರು 37,700 ಕೋಟಿ ರೂಪಾಯಿ. ಆ ವರ್ಷ ಕಂಪನಿಯ ಷೇರುದಾರರ ಪಾಲಿಗೆ ಬಂದ ನಿವ್ವಳ ಲಾಭ ಸುಮಾರು 10,570 ಕೋಟಿ. ಷೇರೊಂದಕ್ಕೆ ಲೆಕ್ಕ ಹಾಕಿದರೆ ಗಳಿಕೆ ಇಪ್ಪತ್ತೆಂಟೂವರೆ ರೂಪಾಯಿ, ಹಂಚಿದ್ದು ನೂರಾ ಒಂದೂವರೆ. ಪೇಔಟ್ ಶೇ. 356. ಅದರ ಹಿಂದಿನ ವರ್ಷ ಲಾಭ ಸುಮಾರು 18,800 ಕೋಟಿ ಇದ್ದಾಗ ಕೊಟ್ಟದ್ದು 45 ರೂಪಾಯಿ. ಅಂದರೆ ಲಾಭ ಅರ್ಧದ ಹತ್ತಿರಕ್ಕೆ ಇಳಿದ ವರ್ಷವೇ ಡಿವಿಡೆಂಡ್ ಎರಡು ಪಟ್ಟಿಗೂ ಮೀರಿ ಏರಿತು.

ಗಳಿಸಿದ್ದಕ್ಕಿಂತ ಹೆಚ್ಚು ಹಂಚಲು ಕಾನೂನು ಬಿಡುತ್ತದೆಯೇ? ಬಿಡುತ್ತದೆ. 2013ರ ಕಂಪನಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಈ ವರ್ಷದ ಲಾಭದಿಂದಷ್ಟೇ ಅಲ್ಲ, ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿಕೊಂಡ ಲಾಭದಿಂದಲೂ ಡಿವಿಡೆಂಡ್ ಕೊಡಬಹುದು. ಹಾಗಾಗಿ ಶೇ. 100 ದಾಟಿದ ಪೇಔಟ್ ಅಕ್ರಮವಲ್ಲ. ಆದರೆ ಅದರ ಅರ್ಥ ಮಾತ್ರ ಬೇರೆ. ತೆಂಗಿನ ತೋಟದ ಮಾಲೀಕ ಒಂದು ವರ್ಷ ಕಾಯಿಯ ಜೊತೆಗೆ ಮರಗಳನ್ನೂ ಕಡಿದು ಮಾರಿ, ಎಲ್ಲವನ್ನೂ ಸೇರಿಸಿ 'ತೋಟದ ಆದಾಯ' ಎಂದು ಲೆಕ್ಕ ಕೊಟ್ಟರೆ ಆ ಅಂಕಿ ಸುಳ್ಳಲ್ಲ, ಆದರೆ ಅದನ್ನು ನಂಬಿ ಮರುವರ್ಷಕ್ಕೆ ತೋಟವನ್ನು ಗುತ್ತಿಗೆಗೆ ಹಿಡಿದವನ ಗತಿ ಏನು?

ಆ ದುಡ್ಡು ಬಂದ ದಾರಿ ಮತ್ತು ಹೋದ ದಾರಿ ಎರಡೂ ಬಹಿರಂಗವಾಗಿಯೇ ಇದ್ದವು. ಬಂದದ್ದರಲ್ಲಿ ಒಂದು ಪಾಲು ಅಂಗಸಂಸ್ಥೆಯಾದ ಹಿಂದುಸ್ತಾನ್ ಜಿಂಕ್‌ನಿಂದ. ಸುಮಾರು ಶೇ. 65ರಷ್ಟು ವೇದಾಂತದ ಒಡೆತನದಲ್ಲಿದ್ದ ಆ ಕಂಪನಿಯೂ ಅದೇ ವರ್ಷ ಷೇರಿಗೆ 75.50 ರೂಪಾಯಿ, ಒಟ್ಟು ಸುಮಾರು 31,900 ಕೋಟಿ ಹಂಚಿತು. ಅದರ ಲಾಭ 10,500 ಕೋಟಿಯಷ್ಟು. ವರ್ಷಗಳಿಂದ ಕೂಡಿಟ್ಟಿದ್ದ ಅದರ ನಗದು ಕರಗಿತು. ಹೋದ ದಾರಿ ಹೀಗೆ: ವೇದಾಂತದ ಹೆಚ್ಚುಕಡಿಮೆ ಶೇ. 69ರಷ್ಟು ಷೇರು ಆ ಹೊತ್ತಿಗೆ ಪ್ರವರ್ತಕರ ಕೈಯಲ್ಲಿತ್ತು, ಅಂದರೆ ಲಂಡನ್ನಿನ ಮಾತೃಸಂಸ್ಥೆ ವೇದಾಂತ ರಿಸೋರ್ಸಸ್ ಬಳಿ. ಅದರ ತಲೆಯ ಮೇಲೆ ನೂರಾರು ಕೋಟಿ ಡಾಲರ್ ಸಾಲದ ಹೊರೆಯಿತ್ತು, ಮರುಪಾವತಿಯ ಗಡುವುಗಳು ಹತ್ತಿರವಾಗುತ್ತಿದ್ದವು. ಆ ವರ್ಷ ಮಾತೃಸಂಸ್ಥೆ ತನ್ನ ಸಾಲವನ್ನು ಸುಮಾರು 200 ಕೋಟಿ ಡಾಲರ್ ತಗ್ಗಿಸಿಕೊಂಡಿತು. ಇತ್ತ ಭಾರತದ ವೇದಾಂತದ ನಿವ್ವಳ ಸಾಲ ಒಂದೇ ವರ್ಷದಲ್ಲಿ ಸುಮಾರು 21,000 ಕೋಟಿಯಿಂದ 45,000 ಕೋಟಿ ರೂಪಾಯಿಗೆ ಏರಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಶೇ. 37ರ ಕಥೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಡಿವಿಡೆಂಡ್ ಎಷ್ಟು ಎಂಬುದನ್ನು ಕಂಪನಿಯ ವ್ಯಾಪಾರಕ್ಕಿಂತ ಹೆಚ್ಚಾಗಿ ಮೇಲಿನವರ ಸಾಲದ ಅಗತ್ಯ ನಿರ್ಧರಿಸುತ್ತಿತ್ತು ಎಂದೇ ನಾನು ಅದನ್ನು ಓದುತ್ತೇನೆ.

ಸಣ್ಣ ಷೇರುದಾರನಿಗೆ ಆದದ್ದೇನು ನೋಡೋಣ. 2022ರ ಮಾರ್ಚ್ ಕೊನೆಯ ದಿನ ಷೇರಿನ ಬೆಲೆ ಸುಮಾರು 403 ರೂಪಾಯಿ. ನೂರು ಷೇರು ಕೊಂಡವನು 40,300 ರೂಪಾಯಿ ಹಾಕಿದ. ಐದು ಕಂತುಗಳಿಂದ ಅವನಿಗೆ ಬರುವುದು 10,150 ರೂಪಾಯಿ. ಒಂದು ವರ್ಷದ ಮೇಲೆ ಅವನ ಷೇರುಗಳ ಬೆಲೆ 27,400. ಎರಡೂ ಸೇರಿ 37,550. ಕೈತುಂಬ ಡಿವಿಡೆಂಡ್ ಪಡೆದೂ 2,750 ರೂಪಾಯಿ ಕಡಿಮೆ. ಅದರ ಮೇಲೆ ತೆರಿಗೆ ಬೇರೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಷೇರುದಾರನ ಆದಾಯಕ್ಕೆ ಸೇರಿ, ಅವನ ತೆರಿಗೆ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಶೇ. 30ರ ಹಂತದಲ್ಲಿರುವವನು ಆ 10,150ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ತೆರಿಗೆ ಕಟ್ಟಬೇಕು. ಬೆಲೆ ಬಿದ್ದದ್ದಕ್ಕೆ ಡಿವಿಡೆಂಡೇ ಪೂರ್ತಿ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಆ ವರ್ಷ ಲೋಹಗಳ ಬೆಲೆಯೂ ಜಗತ್ತಿನೆಲ್ಲೆಡೆ ಇಳಿದಿತ್ತು. ಆದರೆ ಡಿವಿಡೆಂಡ್ ಕೊಟ್ಟಷ್ಟೂ ಕಂಪನಿಯ ಗಲ್ಲಾಪೆಟ್ಟಿಗೆ ಖಾಲಿಯಾಗುವುದರಿಂದ, ರೆಕಾರ್ಡ್ ಡೇಟ್ ಹೊತ್ತಿಗೆ ಷೇರಿನ ಬೆಲೆ ಸುಮಾರಾಗಿ ಡಿವಿಡೆಂಡಿನಷ್ಟೇ ಇಳಿಯುವುದು ಸಹಜ. ಒಂದು ರೂಪಾಯಿ, ಎರಡು ರೂಪಾಯಿ ಡಿವಿಡೆಂಡಿನಲ್ಲಿ ಇದು ದಿನದ ಏರಿಳಿತದ ನಡುವೆ ಕಾಣುವುದಿಲ್ಲ. ಮೂವತ್ತು ರೂಪಾಯಿ ಕೊಟ್ಟಾಗ ಎದ್ದು ಕಾಣುತ್ತದೆ.

ಆ ಶೇ. 37 ನೋಡಿ 274 ರೂಪಾಯಿಗೆ ಕೊಂಡವನ ಮುಂದಿನ ವರ್ಷ ಹೇಗಿತ್ತು? 2023-24ರಲ್ಲಿ ವೇದಾಂತ ಘೋಷಿಸಿದ್ದು 29.50 ರೂಪಾಯಿ, ಹಿಂದಿನ ವರ್ಷದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅವನು ಕೊಟ್ಟ ಬೆಲೆಗೆ ಇದು ಶೇ. 11ರ ಹತ್ತಿರ. ಕೆಟ್ಟ ಆದಾಯವೇನಲ್ಲ. ಆದರೆ ಆ ವರ್ಷ ಲಾಭ ಇನ್ನೂ ಇಳಿದು ಸುಮಾರು 4,240 ಕೋಟಿಯಾಗಿತ್ತು, ಷೇರಿಗೆ ಹನ್ನೊಂದೂವರೆ ರೂಪಾಯಿಯಷ್ಟು. ಡಿವಿಡೆಂಡನ್ನು ಅಷ್ಟು ಇಳಿಸಿದ ಮೇಲೂ ಪೇಔಟ್ ಶೇ. 250 ದಾಟಿತ್ತು. ಷೇರಿನ ಬೆಲೆ ಆ ವರ್ಷದ ನಡುವೆ 220 ರೂಪಾಯಿಗಿಂತಲೂ ಕೆಳಗೆ ಹೋಯಿತು. ಕಂಪನಿ ಮುಳುಗಲಿಲ್ಲ, 2024ರಲ್ಲಿ ಲೋಹದ ಬೆಲೆ ಮತ್ತೆ ಏರಿದಾಗ ಷೇರು 400 ದಾಟಿತು, ಆ ಕೆಳಮಟ್ಟದಲ್ಲಿ ಕೊಂಡವರು ಚೆನ್ನಾಗಿಯೇ ಗಳಿಸಿದರು. ಆದರೆ ಅವರು ಗಳಿಸಿದ್ದು ಲೋಹದ ಬೆಲೆಯ ಏರಿಳಿತದ ಮೇಲೆ, ಶೇ. 37ರ ಭರವಸೆಯ ಮೇಲಲ್ಲ.

ಇಂಥ ಕಡೆ ಒಂದು ಚಿಕ್ಕ ಲೆಕ್ಕ ನನಗೆ ಉಪಯುಕ್ತವೆನಿಸುತ್ತದೆ. ಕಂಪನಿ ತನ್ನ ಲಾಭದ ಅರ್ಧದಷ್ಟನ್ನು ಮಾತ್ರ ಹಂಚುತ್ತದೆ ಎಂದುಕೊಂಡರೆ ಯೀಲ್ಡ್ ಎಷ್ಟಾಗುತ್ತಿತ್ತು ಎಂದು ನೋಡುವುದು. ಇಪ್ಪತ್ತೆಂಟೂವರೆಯ ಅರ್ಧ 14.25, ಅದನ್ನು 274ರಿಂದ ಭಾಗಿಸಿದರೆ ಶೇ. 5.2. ವ್ಯಾಪಾರದಿಂದ ವರ್ಷವರ್ಷವೂ ಬರಬಹುದಾದದ್ದು ಶೇ. 5ರ ಆಸುಪಾಸು, ಉಳಿದ 32 ಹಳೆಯ ಗಂಟನ್ನು ಬಿಚ್ಚಿದ್ದು.

ಈಗ ಎರಡನೆಯ ಜಾತಿಗೆ ಬರೋಣ. 2020ರ ಅಕ್ಟೋಬರ್‌ನಲ್ಲಿ ಕೋಲ್ ಇಂಡಿಯಾ ಷೇರು ಸುಮಾರು 115 ರೂಪಾಯಿಗೆ ಸಿಗುತ್ತಿತ್ತು. 2019-20ಕ್ಕೆ ಅದು ಕೊಟ್ಟದ್ದು 12 ರೂಪಾಯಿ. ಯೀಲ್ಡ್ ಶೇ. 10ಕ್ಕಿಂತ ಜಾಸ್ತಿ. ಇದೂ ಅನುಮಾನ ಹುಟ್ಟಿಸುವ ಅಂಕಿಯೇ. ಆದರೆ ಇಲ್ಲಿ ಷೇರೊಂದರ ಗಳಿಕೆ ಸುಮಾರು 27 ರೂಪಾಯಿ ಇತ್ತು. ಪೇಔಟ್ ಶೇ. 44 ಮಾತ್ರ, ಪಿಇ ಬರೀ ನಾಲ್ಕು ಚಿಲ್ಲರೆ. ಯೀಲ್ಡ್ ಏರಿದ್ದು ಕಂಪನಿ ಕೈಬಿಚ್ಚಿ ಹಂಚಿದ್ದರಿಂದಲ್ಲ, ಷೇರು ಬಿದ್ದದ್ದರಿಂದ. ಕೋವಿಡ್ ಲಾಕ್‌ಡೌನ್‌ನಲ್ಲಿ ವಿದ್ಯುತ್ ಬೇಡಿಕೆ ಕುಗ್ಗಿತ್ತು. ಕಲ್ಲಿದ್ದಲಿಗೆ ಭವಿಷ್ಯವಿಲ್ಲ ಎಂಬ ಮಾತು ಎಲ್ಲೆಡೆ ಇತ್ತು. ಸರ್ಕಾರ ಯಾವಾಗ ತನ್ನ ಪಾಲನ್ನು ಮಾರುಕಟ್ಟೆಗೆ ಬಿಡುತ್ತದೋ ಎಂಬ ಅಳುಕೂ ಇತ್ತು.

ಹೀಗಿದ್ದಾಗ ಕೇಳಬೇಕಾದ ಪ್ರಶ್ನೆ ಲಾಭದ ಬಗ್ಗೆ: 27 ರೂಪಾಯಿ ಗಳಿಕೆ ಅರ್ಧಕ್ಕಿಳಿದರೂ 12 ರೂಪಾಯಿ ಕೊಡಲು ಆಗುತ್ತದೆಯೇ? ಹದಿಮೂರೂವರೆಯಲ್ಲಿ ಹನ್ನೆರಡು, ಆಗುತ್ತದೆ, ಕಷ್ಟಪಟ್ಟು. ಅಂದರೆ ಮಾರುಕಟ್ಟೆಯ ಭಯ ಅರ್ಧದಷ್ಟು ನಿಜವಾದರೂ ಡಿವಿಡೆಂಡ್ ಉಳಿಯುವ ಅವಕಾಶವಿತ್ತು. ಪೇಔಟ್ ಕಡಿಮೆ ಇರುವುದರ ನಿಜವಾದ ಬೆಲೆ ಈ ಅಂತರದಲ್ಲಿದೆ. ಜೊತೆಗೆ, ಕೇಂದ್ರ ಸರ್ಕಾರಿ ಉದ್ದಿಮೆಗಳು ಲಾಭದ ಕನಿಷ್ಠ ಶೇ. 30 ಅಥವಾ ನಿವ್ವಳ ಮೌಲ್ಯದ ಶೇ. 5, ಇದರಲ್ಲಿ ಯಾವುದು ಹೆಚ್ಚೋ ಅದನ್ನು ಹಂಚಬೇಕೆಂಬ ಮಾರ್ಗಸೂಚಿ ಆಗ ಇತ್ತು, ಖಜಾನೆಗೂ ಆ ಹಣ ಬೇಕಿತ್ತು. ಮುಂದಿನ ವರ್ಷ ಕೋಲ್ ಇಂಡಿಯಾ 16 ರೂಪಾಯಿ ಕೊಟ್ಟಿತು, ಅದರ ಮುಂದಿನ ವರ್ಷ 17, ಆಮೇಲೆ 24.25. ಹೆಚ್ಚಿನ ಯೀಲ್ಡ್ ಕಂಡೊಡನೆ ದೂರ ಓಡಿದವರು ಇಲ್ಲಿ ಒಳ್ಳೆಯ ಅವಕಾಶ ಕಳೆದುಕೊಂಡರು. ಅಪಾಯದ ಗಂಟೆ ಬಾರಿಸಿದಾಗಲೆಲ್ಲ ಬೆಂಕಿ ಬಿದ್ದಿರುವುದಿಲ್ಲ. ಹೋಗಿ ನೋಡಬೇಕು ಅಷ್ಟೇ.

ಪೇಔಟ್ ಕಡಿಮೆ ಇದ್ದರೆ ನಿಶ್ಚಿಂತೆ ಎಂದೂ ತಿಳಿಯುವಂತಿಲ್ಲ. ಪೇಔಟ್‌ನ ಕೆಳಗಿರುವ 'ಲಾಭ' ಲೆಕ್ಕಪತ್ರದ ಲಾಭ. ಡಿವಿಡೆಂಡ್ ಹೋಗುವುದು ಬ್ಯಾಂಕ್ ಖಾತೆಯಲ್ಲಿರುವ ನಗದಿನಿಂದ. ಇವೆರಡೂ ಬೇರೆಬೇರೆಯಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ರಾಫ್ಟ್ ಹೈಂಜ್ ಒಳ್ಳೆಯ ಉದಾಹರಣೆ. ಟೊಮೆಟೊ ಕೆಚಪ್‌ಗೆ ಹೆಸರಾದ, ವಾರನ್ ಬಫೆಟ್ ಅವರ ಬರ್ಕ್‌ಶೈರ್ ಕಂಪನಿ ಕಾಲುಭಾಗಕ್ಕಿಂತ ಹೆಚ್ಚು ಪಾಲು ಹೊಂದಿದ್ದ ಸಂಸ್ಥೆ ಅದು. 2017ರ ಆರಂಭದಲ್ಲಿ ಅದರ ಷೇರು 90 ಡಾಲರಿಗೂ ಮೇಲಿತ್ತು. 2019ರ ಫೆಬ್ರವರಿ ಹೊತ್ತಿಗೆ 48ಕ್ಕೆ ಇಳಿದಿತ್ತು. ವಾರ್ಷಿಕ ಡಿವಿಡೆಂಡ್ ಎರಡೂವರೆ ಡಾಲರ್. ಹಾಗಾಗಿ ಯೀಲ್ಡ್ ಶೇ. 5 ದಾಟಿತ್ತು. ಕಂಪನಿ ತಾನೇ ಹೊಂದಿಸಿ ಪ್ರಕಟಿಸುತ್ತಿದ್ದ ಲಾಭ ಷೇರಿಗೆ ಮೂರೂವರೆ ಡಾಲರ್. ಆ ಲೆಕ್ಕದಲ್ಲಿ ಪೇಔಟ್ ಶೇ. 71. ಊಟ, ತಿಂಡಿ ಮಾರುವ ಕಂಪನಿಗೆ ಇದು ತೀರಾ ಅತಿಯಲ್ಲ.

ಆದರೆ ನಗದು ಹರಿವಿನ ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. 2018ರಲ್ಲಿ ವ್ಯಾಪಾರದಿಂದ ಕೈಗೆ ಬಂದ ನಗದು ಸುಮಾರು 260 ಕೋಟಿ ಡಾಲರ್. ಕಾರ್ಖಾನೆ, ಯಂತ್ರಗಳಿಗೆ ಸುಮಾರು 80 ಕೋಟಿ ಖರ್ಚು. ಉಳಿದದ್ದು 180 ಕೋಟಿಯ ಒಳಗೆ. ಡಿವಿಡೆಂಡಿಗೆ ಹೋದದ್ದು 320 ಕೋಟಿಯ ಹತ್ತಿರ. ಮೇಲೆ 3,000 ಕೋಟಿ ಡಾಲರ್ ಮೀರಿದ ಸಾಲ. 2019ರ ಫೆಬ್ರವರಿ 21ರ ಸಂಜೆ ಕಂಪನಿ ತನ್ನ ಹಳೆಯ ಬ್ರ್ಯಾಂಡ್‌ಗಳ ಮೌಲ್ಯದಲ್ಲಿ ಸುಮಾರು 1,540 ಕೋಟಿ ಡಾಲರ್ ಇಳಿಕೆ ಬರೆದುಕೊಂಡಿತು, ಡಿವಿಡೆಂಡನ್ನು ವರ್ಷಕ್ಕೆ 1.60 ಡಾಲರಿಗೆ ಕತ್ತರಿಸಿತು. ಮರುದಿನ ಷೇರು ಶೇ. 27ರಷ್ಟು ಬಿತ್ತು. ಶೇ. 5ರ ಯೀಲ್ಡಿಗಾಗಿ ಷೇರು ಇಟ್ಟುಕೊಂಡವರು ಐದು ವರ್ಷದ ಡಿವಿಡೆಂಡಿನಷ್ಟನ್ನು ಒಂದೇ ದಿನ ಕಳೆದುಕೊಂಡರು. ಷೇರು 90ರಿಂದ 48ಕ್ಕೆ ಇಳಿದ ಎರಡು ವರ್ಷಗಳ ಉದ್ದಕ್ಕೂ ಯೀಲ್ಡ್ ಮಾತ್ರ ನೋಡುತ್ತಿದ್ದವನಿಗೆ ಇದು ದಿನದಿನಕ್ಕೆ ಆಕರ್ಷಕವಾಗುತ್ತಿರುವ ಹೂಡಿಕೆಯಾಗಿ ಕಂಡಿರುತ್ತದೆ.

ಈ ಪಟ್ಟಿ ಓದಲು ಲೆಕ್ಕಪರಿಶೋಧಕರೇ ಆಗಬೇಕಿಲ್ಲ. ನಮ್ಮ ಎಲ್ಲ ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಯಲ್ಲೂ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಇರುತ್ತದೆ, ಮೂರು ಭಾಗಗಳಲ್ಲಿ. ಮೊದಲ ಭಾಗದ ಕೊನೆಯ ಸಾಲಿನಲ್ಲಿ ವ್ಯಾಪಾರದಿಂದ ಬಂದ ನಿವ್ವಳ ನಗದು, ಎರಡನೆಯದರಲ್ಲಿ ಸ್ಥಿರಾಸ್ತಿ ಕೊಳ್ಳಲು ಮಾಡಿದ ಖರ್ಚು, ಮೂರನೆಯದರಲ್ಲಿ ಕೊಟ್ಟ ಡಿವಿಡೆಂಡ್ ಮತ್ತು ಹೊಸದಾಗಿ ತೆಗೆದ ಸಾಲ. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಉಳಿದದ್ದನ್ನು ಡಿವಿಡೆಂಡಿನ ಜೊತೆ ಹೋಲಿಸಿದರೆ ಸಾಕು. ಒಂದು ವರ್ಷ ಕಡಿಮೆ ಬಿದ್ದರೆ ಅದಕ್ಕೆ ಹೊಸ ಕಾರ್ಖಾನೆಯೋ ಸರಕಿನ ದಾಸ್ತಾನೋ ಕಾರಣವಿರಬಹುದು. ಮೂರು ನಾಲ್ಕು ವರ್ಷ ಸತತವಾಗಿ ಕಡಿಮೆ ಬಿದ್ದು, ಅದೇ ಹೊತ್ತಿಗೆ ಸಾಲದ ಸಾಲು ಬೆಳೆಯುತ್ತಿದ್ದರೆ, ಡಿವಿಡೆಂಡ್ ಸಾಲದಿಂದ ಬರುತ್ತಿದೆ ಎಂದೇ ಅರ್ಥ. ಗಣಿ, ಉಕ್ಕು, ತೈಲದಂಥ ಬೆಲೆ ಏರಿಳಿಯುವ ಉದ್ಯಮಗಳಲ್ಲಿ ಒಂದೇ ವರ್ಷದ ಲಾಭವನ್ನು ನಂಬದೆ ಐದಾರು ವರ್ಷದ ಸರಾಸರಿ ಲಾಭದಿಂದ ಪೇಔಟ್ ಲೆಕ್ಕ ಹಾಕುವುದು ಒಳ್ಳೆಯದು. ಬ್ಯಾಂಕುಗಳಿಗೆ ಮಾತ್ರ ಈ ನಗದು ಹರಿವಿನ ವಿಧಾನ ಹೊಂದುವುದಿಲ್ಲ. ಠೇವಣಿ, ಸಾಲಗಳೇ ಅವುಗಳ ವ್ಯಾಪಾರವಾದ್ದರಿಂದ ಅವುಗಳ ನಗದು ಪಟ್ಟಿ ಬೇರೆಯೇ ರೀತಿಯದು. ಅಲ್ಲಿ ಬಂಡವಾಳ ಮತ್ತು ಮರುಪಾವತಿಯಾಗದ ಸಾಲದ ಪ್ರಮಾಣ ನೋಡಬೇಕು.

ಪೇಔಟ್ ಹೆಚ್ಚಿದ್ದೂ ಅಪಾಯವಲ್ಲದ ಒಂದು ಜಾಗವೂ ಇದೆ. ಕಚೇರಿ ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟು ಆ ಹಣ ಹಂಚುವ ರೀಟ್‌ಗಳು. ದೇಶದಲ್ಲಿ ಮೊದಲು ಲಿಸ್ಟ್ ಆದದ್ದು ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ. ಹಂಚಲು ಲಭ್ಯವಿರುವ ನಗದಿನಲ್ಲಿ ಕನಿಷ್ಠ ಶೇ. 90ನ್ನು ರೀಟ್‌ಗಳು ಹಂಚಲೇಬೇಕು ಎಂಬುದು ಸೆಬಿಯ ನಿಯಮ. ಕಟ್ಟಡದ ಸವಕಳಿಯನ್ನು ಲೆಕ್ಕಪತ್ರದಲ್ಲಿ ಕಳೆಯುವುದರಿಂದ ಅವುಗಳ ಲಾಭ ಚಿಕ್ಕದಾಗಿಯೂ ಹಂಚಿಕೆ ದೊಡ್ಡದಾಗಿಯೂ ಕಾಣುತ್ತದೆ. ಆದ್ದರಿಂದ ಅವುಗಳ ಪೇಔಟನ್ನು ಲಾಭದಿಂದ ಲೆಕ್ಕ ಹಾಕಿದರೆ ಸಲ್ಲದ ಗಾಬರಿಯಾಗುತ್ತದೆ. ಅಲ್ಲಿ ನೋಡಬೇಕಾದದ್ದು ಎಷ್ಟು ಚದರಡಿ ಖಾಲಿ ಬಿದ್ದಿದೆ, ಬಾಡಿಗೆ ಕರಾರುಗಳು ಯಾವ ವರ್ಷ ಮುಗಿಯುತ್ತವೆ, ಸಾಲದ ಬಡ್ಡಿ ಎಷ್ಟು ಎಂಬುದನ್ನು.